ಫಾರಿನ್ ಫೋನ್‌ಗೆ ನಮ್ಮೂರ ಬ್ಯಾಂಡ್ ಇದೆಯಾ?

ಅಮೆರಿಕದಲ್ಲಿರೋ ಅಣ್ಣ ಒಂದು ಫೋನ್ ತಂದ್ಕೊಟ್ಟ ಅಂದ್ಕೊಳ್ಳಿ. ಚನ್ನಪಟ್ಟಣದ ಮನೇಲಿ ಜಿಯೋ ಸಿಮ್ ಹಾಕಿದ್ರೆ ಸಿಗ್ನಲ್ ಬರುತ್ತೆ, ಆದ್ರೆ ವಿಡಿಯೋ ಸುತ್ತುತ್ತಾನೇ ಇರುತ್ತೆ. ಅದೇ ಸಿಮ್ ತಂಗಿ ಫೋನ್‌ಗೆ ಹಾಕಿದ್ರೆ ಸರಾಗ. ಆಗ ಅನುಮಾನ ಬ್ಯಾಂಡ್ ಮೇಲೆ.

ಟವರ್ ಮತ್ತು ಫೋನ್ ಮಾತಾಡೋ ತರಂಗಾಂತರದ ಪಟ್ಟಿಯೇ ಬ್ಯಾಂಡ್. ಜಿಯೋ 4ಜಿಗೆ ಮುಖ್ಯವಾಗಿ ಬೇಕಾಗೋದು 3, 5 ಮತ್ತು 40. ಅಣ್ಣನ ಫೋನ್‌ನಲ್ಲಿ 2, 4, 5, 12, 66 ಮಾತ್ರ ಇದ್ರೆ, ಹೊಂದೋದು 5 ಒಂದೇ. ಅದು ಮಾಗಡಿ, ಕನಕಪುರದ ಹಳ್ಳಿಗಳಿಗೂ ದೂರ ತಲುಪುತ್ತೆ, ಆದ್ರೆ ದಾರಿ ಕಿರಿದು. ವೇಗ ಕೊಡೋ 40 ಈ ಫೋನ್‌ಗೆ ಕಾಣೋದೇ ಇಲ್ಲ.

ಹಾಗಾಗಿ ತರಿಸೋ ಮುಂಚೆ ಮಾಡೆಲ್ ನಂಬರ್ ಕೇಳಿ. ಸೆಟಿಂಗ್ಸ್‌ನಲ್ಲಿ ಅಬೌಟ್ ಒಳಗೆ ಸಿಗುತ್ತೆ. ಐಫೋನ್‌ನಲ್ಲಿ ಆ ನಂಬರ್ ಒತ್ತಿದ್ರೆ A ಇಂದ ಶುರುವಾಗೋದು ಬರುತ್ತೆ. ಫೋನ್ ಹೆಸರು ಒಂದೇ ಆದ್ರೂ ದೇಶಕ್ಕೊಂದು ಮಾಡೆಲ್ ಇರಬಹುದು. ಆ ನಂಬರನ್ನ ಕಂಪನಿ ವೆಬ್‌ಸೈಟ್‌ನಲ್ಲಿ ಹುಡುಕಿ, LTE ಸಾಲು ನೋಡಿ. 5ಜಿ ಬೇಕಂದ್ರೆ n78, ಜಿಯೋಗೆ n28 ಕೂಡ ಇರಲಿ.

ಬ್ಯಾಂಡ್ ಸರಿ ಇದ್ರೂ ಕಾಲ್ ಹೋಗದೇ ಇರಬಹುದು. ಜಿಯೋದಲ್ಲಿ 2ಜಿ, 3ಜಿ ಇಲ್ಲ. ಕಾಲ್‌ಗೆ ವೋಲ್ಟಿ ಬೇಕೇ ಬೇಕು. ಫೋನ್‌ನ ಸಾಫ್ಟ್‌ವೇರ್ ಅದನ್ನ ಜಿಯೋಗೆ ತೆರೆಯದಿದ್ರೆ ಡೇಟಾ ಓಡುತ್ತೆ, ಕಾಲ್ ಹೋಗಲ್ಲ. ಏರ್‌ಟೆಲ್‌ನಲ್ಲಾದ್ರೆ 2ಜಿ ಕೈಹಿಡಿಯಬಹುದು.

ಕೊನೇದಾಗಿ, ಅದು ಅಲ್ಲಿನ ಕಂಪನಿಗೆ ಲಾಕ್ ಆಗಿಲ್ವಾ ಅಂತ ಅಣ್ಣನ್ನ ಕೇಳಿ. ನೀವೇ ಅಮೆರಿಕಕ್ಕೆ ಹೊರಟ್ರೆ ಲೆಕ್ಕ ತಿರುಗುಮುರುಗು: ನಿಮ್ಮ ಫೋನ್‌ನಲ್ಲಿ 2, 12, 66 ಇದೆಯಾ ನೋಡಿ.