ರೇಟು ಬದಲಿಸುವವರು ಯಾರು?

ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವರು ವೆಬ್‌ಸೈಟ್ ಹೇಗೆ ಮಾಡಿಸಬೇಕು ಅಂತ ಹೇಳು ಎಂದು ನಮ್ಮ ಮಹಿಳಾ ವಿಭಾಗದವರು ಕೇಳಿದರು. ಒಂದೇ ಅಂಗಡಿಯ ಕಥೆ ಹೇಳುತ್ತೇನೆ. ಅದರಲ್ಲಿ ತಪ್ಪು ಮಾಡಿದವಳು ನಾನೇ.

ಇಲ್ಲೇ ಪುಣೆಯಲ್ಲಿ, ನಮ್ಮ ಸೊಸೈಟಿಯ ಹತ್ತಿರ ಒಬ್ಬ ಅಕ್ಕ ಬ್ಲೌಸ್ ಹೊಲಿಯುತ್ತಾರೆ, ಸೀರೆಗೆ ಕುಚ್ಚು ಕಟ್ಟುತ್ತಾರೆ. ಎರಡು ಮಷೀನು, ಒಬ್ಬ ಸಹಾಯಕಿ. ಅವರು ವೆಬ್‌ಸೈಟ್ ಬೇಕು ಅಂದಾಗ ನಾನು ಎಂಟೆಕ್ ಓದಿದವಳು, ರೆಡಿಮೇಡ್ ಯಾಕೆ ಅಂತ ಎಲ್ಲವನ್ನೂ ಸ್ವತಃ ಕೋಡ್ ಬರೆದೆ. ಗಿರಾಕಿ ಲಾಗಿನ್ ಆಗಿ ಎದೆ, ತೋಳು, ಸೊಂಟದ ಅಳತೆ ತುಂಬಿ ಆರ್ಡರ್ ಕಳಿಸುವ ಫಾರ್ಮ್ ಕೂಡ ಇಟ್ಟೆ.

ಫಾರ್ಮ್ ತುಂಬಿದವರು ಬೆರಳೆಣಿಕೆಯಷ್ಟು ಜನ. ಒಬ್ಬರು ಸೆಂಟಿಮೀಟರಿನಲ್ಲಿ ಬರೆದರು, ಇನ್ನೊಬ್ಬರು ಅಂಗಡಿಯ ಸೈಜು ಬರೆದರು. ಕೊನೆಗೆ ಎಲ್ಲರೂ ಅಳತೆ ಬ್ಲೌಸ್ ಹಿಡಿದುಕೊಂಡೇ ಬಂದರು. ಬ್ಲೌಸಿನ ರೇಟೂ ಹಾಗೆಯೇ. ಲೈನಿಂಗ್, ಪ್ಯಾಡು, ಕತ್ತಿನ ಡಿಸೈನು ನೋಡದೆ ಹೇಳಲಾಗದು. ನಾನು ಮೊದಲು ಕೋಡ್ ಬರೆದೆ, ಗಿರಾಕಿ ಏನು ಮಾಡುತ್ತಾರೆ ಅಂತ ಆಮೇಲೆ ನೋಡಿದೆ.

ನಿಜವಾದ ನಷ್ಟ ಆದದ್ದು ದಸರಾ ಸಮಯದಲ್ಲಿ. ಅಕ್ಕ ಲೈನಿಂಗ್ ಬ್ಲೌಸಿನ ರೇಟು 550ರಿಂದ 650 ಮಾಡಿದರು. ವೆಬ್‌ಸೈಟಿನಲ್ಲಿ ಬದಲಿಸಲು ನಾನೇ ಫೈಲು ತೆರೆಯಬೇಕು. ನನಗೆ ಆಫೀಸಿನಲ್ಲಿ ರಿಲೀಸ್ ಇತ್ತು, ಮೂರು ವಾರ ಆಗಲಿಲ್ಲ. ಬಂದವರು ಫೋನ್ ತೋರಿಸಿ "ಇಲ್ಲಿ 550 ಅಂತ ಇದೆಯಲ್ಲ" ಅಂದರು. ಅಕ್ಕ ಜಗಳ ಬೇಡ ಅಂತ 23 ಬ್ಲೌಸ್ ಹಳೇ ರೇಟಿಗೇ ಹೊಲಿದುಕೊಟ್ಟರು. 2300 ರೂಪಾಯಿ ಹೋಯಿತು. ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ಹೆಚ್ಚು ನೋವಾಯಿತು.

ಎರಡನೇ ಸಲ ವರ್ಡ್‌ಪ್ರೆಸ್ ಹಾಕಿದೆ. ಅದು ಉಚಿತ ಸಾಫ್ಟ್‌ವೇರ್, ಆದರೆ ಜಾಗದ ಬಾಡಿಗೆ, ಅಂದರೆ ಹೋಸ್ಟಿಂಗ್, ನಾವು ಕಟ್ಟಬೇಕು. ಅದರ ಥೀಮ್, ಪ್ಲಗಿನ್‌ಗಳನ್ನು ಬೇರೆ ಬೇರೆಯವರು ಮಾಡಿರುತ್ತಾರೆ, ಆಗಾಗ ಅಪ್‌ಡೇಟ್ ಕೇಳುತ್ತವೆ. ಮಾಡದೆ ಬಿಟ್ಟರೆ ಕಳ್ಳರು ನುಗ್ಗಲು ದಾರಿ. ಬ್ಯಾಕಪ್ ಇಲ್ಲದೆ ಮಾಡಿದರೆ ಪುಟ ಕೆಡಬಹುದು. ಒಂದು ಅಪ್‌ಡೇಟ್ ಆದಮೇಲೆ ನಮ್ಮ ಫೋಟೋ ಪುಟ ಖಾಲಿಯಾಯಿತು. ಅಕ್ಕ ಆಮೇಲೆ ಯಾವ ಗುಂಡಿ ಒತ್ತಲೂ ಹೆದರಿದರು. ಮತ್ತೆ ನನ್ನ ಮೇಲೇ ಅವಲಂಬನೆ.

ಮೂರನೇ ಸಲ ಒಂದು ಹಾಳೆಯಲ್ಲಿ ಬರೆದೆವು: ಗಿರಾಕಿಗೆ ಬೇಕಾದದ್ದು ಹೊಲಿದ ಬ್ಲೌಸಿನ ಫೋಟೋ, "ಇಷ್ಟರಿಂದ ಶುರು" ಎಂಬ ರೇಟು, ವಿಳಾಸ ಮತ್ತು ಸಮಯ, ವಾಟ್ಸ್ಯಾಪ್ ಗುಂಡಿ. ಇಷ್ಟೇ. ಇದಕ್ಕೆ ವೆಬ್‌ಸೈಟ್ ಬಿಲ್ಡರ್ ಸಾಕು. ಅಲ್ಲಿ ಅಪ್‌ಡೇಟ್, ಬ್ಯಾಕಪ್ ಎಲ್ಲ ಕಂಪನಿಯ ಜವಾಬ್ದಾರಿ. ವಾಟ್ಸ್ಯಾಪ್ ಗುಂಡಿಗೆ ಕೊಡಬೇಕಾದ ಲಿಂಕ್ ಹೀಗಿರುತ್ತದೆ:

```
https://wa.me/91XXXXXXXXXX
```

91ರ ನಂತರ ಹತ್ತು ಅಂಕಿ. ಮುಂದೆ ಪ್ಲಸ್ ಚಿಹ್ನೆಯಾಗಲಿ ಸೊನ್ನೆಯಾಗಲಿ ಬೇಡ, ನಡುವೆ ಜಾಗ ಬಿಡುವುದೂ ಬೇಡ.

ಬಿಲ್ಡರಿಗೂ ಮಿತಿ ಇದೆ. ಬಾಡಿಗೆ ಕಟ್ಟುತ್ತಲೇ ಇರಬೇಕು. ಅಲ್ಲಿ ಕಟ್ಟಿದ ಪುಟಗಳನ್ನು ಸಾಮಾನ್ಯವಾಗಿ ಹಾಗೇ ಎತ್ತಿಕೊಂಡು ಬೇರೆ ಕಡೆ ಇಡಲಾಗದು. ಅದಕ್ಕೆ ಫೋಟೋ ಮತ್ತು ಬರಹದ ಪ್ರತಿ ಅಕ್ಕನ ಫೋನಿನಲ್ಲೂ ಇದೆ. ವೆಬ್‌ಸೈಟಿನ ಹೆಸರು, ಅಂದರೆ ಡೊಮೈನ್, ಅಕ್ಕನದೇ ಇಮೇಲ್ ಮತ್ತು ಮೊಬೈಲಿನಲ್ಲಿ ನೋಂದಾಯಿಸಿದ್ದೇವೆ. ನಾಳೆ ಬಿಲ್ಡರ್ ಬಿಟ್ಟರೂ, ನಾನು ಊರು ಬಿಟ್ಟರೂ ಹೆಸರು ಅವರ ಕೈಯಲ್ಲೇ. ಮೊದಲ ವರ್ಷದ ದರ ನೋಡಿ ಮರುಳಾಗಬೇಡಿ, ಎರಡನೇ ವರ್ಷ ನವೀಕರಣಕ್ಕೆ ಎಷ್ಟು ಅಂತ ಕೇಳಿ.

ಹಾಗಾದರೆ ಉಳಿದೆರಡು ಯಾವಾಗ? ಸಿದ್ಧ ಬ್ಲೌಸು, ಪೆಟಿಕೋಟು ಹೀಗೆ ಸ್ಟಾಕ್ ಇಟ್ಟು ಆನ್‌ಲೈನ್ ಮಾರುವುದಾದರೆ, ತಿಂಗಳಿಗೊಮ್ಮೆ ಅಪ್‌ಡೇಟ್ ನೋಡುವವರು ಇದ್ದರೆ, ವರ್ಡ್‌ಪ್ರೆಸ್ ಒಳ್ಳೆಯದು. ಸ್ವಂತ ಕೋಡ್ ಬೇಕಾಗುವುದು ಇವೆರಡರಲ್ಲೂ ಆಗದ ಕೆಲಸ ಇದ್ದಾಗ, ಅದೂ ಸಂಬಳ ಕೊಟ್ಟು ನೋಡಿಕೊಳ್ಳುವವರನ್ನು ಇಟ್ಟಾಗ. ಪ್ರೀತಿಯಿಂದ ಪುಕ್ಕಟೆ ಬರೆದುಕೊಡುವ ನನ್ನಂಥವರನ್ನು ನಂಬಿ ಅಲ್ಲ.

ಯಾರೇ ವೆಬ್‌ಸೈಟ್ ಮಾಡಿಕೊಟ್ಟರೂ ಹಣ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಅವರು ಸುಮ್ಮನೆ ಪಕ್ಕದಲ್ಲಿ ಕೂತಿರಲಿ, ನೀವು ನಿಮ್ಮ ಫೋನಿನಿಂದ ಒಂದು ರೇಟು ಬದಲಿಸಿ, ಒಂದು ಹೊಸ ಫೋಟೋ ಹಾಕಿ. ಹತ್ತು ನಿಮಿಷದಲ್ಲಿ ಆದರೆ ಅದು ನಿಮ್ಮ ವೆಬ್‌ಸೈಟ್. ಆಗದಿದ್ದರೆ ಅದು ಇನ್ನೂ ಮಾಡಿದವರದ್ದೇ.

ಈ ದೀಪಾವಳಿಗೆ ಅಕ್ಕ ಕುಚ್ಚಿನ ರೇಟು ತಾವೇ ಬದಲಿಸಿದರು. ನನಗೆ ಗೊತ್ತಾದದ್ದು ನನ್ನ ಸೀರೆ ಕೊಡಲು ಹೋದಾಗ. ಹೊಸ ರೇಟೇ ಕೊಟ್ಟು ಬಂದೆ.