ಐವತ್ತು ಸಾವಿರದ ಉದ್ರಿ: ಕೊಡೋದೋ ಬಿಡೋದೋ?

(ಕನ್ನಡ ಬಳಗದ ವಾರ್ಷಿಕ ಕೂಟದಲ್ಲಿ ಆಡಿದ ಮಾತು)



ನಾನು ಗದಗ ಕಡೆಯವನು. ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ ಈ ದೇಶಕ್ಕೆ ಬಂದವನು. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಅಲ್ಲಿ ನಾವು ಎಂಟು ಜನ ಸೇರಿ ಡಿಬಿ, ಅಂದರೆ ಡಿಸ್ಟ್ರಿಬ್ಯೂಷನ್ ಬೋರ್ಡ್, ಜೋಡಿಸಿ ಕೊಡುತ್ತೇವೆ. ವೈರಿಂಗ್ ಬಗ್ಗೆ ಮಾತಾಡ್ತಾನೆ ಅಂತ ನೀವು ಅಂದುಕೊಂಡಿರಬಹುದು. ಇವತ್ತು ಉದ್ರಿ ಬಗ್ಗೆ ಮಾತಾಡ್ತೀನಿ. ಸಾಹುಕಾರರು ಉದ್ರಿ ಕೊಟ್ಟರೆ ನಮಗೇನು ಅಂತ ನಾನೂ ಅಂದುಕೊಂಡಿದ್ದೆ. ಕೆಲವು ವರ್ಷದ ಹಿಂದೆ ಒಬ್ಬ ಗಿರಾಕಿ ದುಡ್ಡು ಕೊಡದೆ ಆಫೀಸಿಗೆ ಬೀಗ ಹಾಕಿ ಹೋದ. ಆಮೇಲೆ ಎರಡು ತಿಂಗಳು ನಮ್ಮ ಸಂಬಳ ತುಂಡು ತುಂಡಾಗಿ ಬಂತು. ಮಗಳ ಸ್ಕೂಲ್ ಫೀಸಿಗೆ ನನ್ನ ಹೆಂಡತಿ ಕೈಬಳೆ ಅಡ ಇಟ್ಟಳು. ಉದ್ರಿ ಯಾರು ಕೊಟ್ಟರೂ ಅದರ ಭಾರ ಎಲ್ಲಿಗೆ ಬಂದು ಇಳಿಯುತ್ತೆ ಅನ್ನೋದು ನನಗೆ ಗೊತ್ತಾಗಿದ್ದು ಆಗ.

ಕಳೆದ ವರ್ಷ ಒಬ್ಬ ಹೊಸ ಗಿರಾಕಿ ಬಂದ. ನಮ್ಮ ಕಡೆಯವನೇ, ಕನ್ನಡ ಮಾತಾಡೋನು. ಲೇಬರ್ ಕ್ಯಾಂಪ್ ರಿಪೇರಿ ಕಾಂಟ್ರ್ಯಾಕ್ಟ್ ಹಿಡಿದಿದ್ದ, ಇಪ್ಪತ್ತನಾಲ್ಕು ಡಿಬಿ ಬೇಕಿತ್ತು. ಒಟ್ಟು ಬೆಲೆ 50,000 ದಿರ್ಹಂ. (ಲೆಕ್ಕ ಸರಳ ಇರಲಿ ಅಂತ 5% ವ್ಯಾಟ್ ಬದಿಗಿಟ್ಟಿದ್ದೇನೆ.) ದುಡ್ಡು 90 ದಿನದ ಮೇಲೆ, ಅದಕ್ಕೆ ಮುಂದಿನ ತಾರೀಖಿನ ಚೆಕ್.

ನಮ್ಮ ಸಾಹುಕಾರರು ಕುಂದಾಪುರ ಕಡೆಯವರು. ನನ್ನನ್ನ ಕರೆದು, "ಆರ್ಡರ್ ಒಳ್ಳೇದುಂಟು ಮಾರಾಯ. ಹುಡುಗ ನಮ್ಮವನೇ. ಏನು ಮಾಡುವ?" ಅಂದ್ರು.

ನಾನು, "ಅಣ್ಣಾ, ಹಳೇ ಪುಸ್ತಕ ತೆಗೀರಿ. ಒಂದ್ಸಲ ಕೂತು ಲೆಕ್ಕ ಹಾಕೋಣ" ಅಂದೆ.

ಮೊದಲು ಖರ್ಚು ಬರೆದೆವು. ಬ್ರೇಕರ್, ಬಸ್‌ಬಾರ್, ಡಬ್ಬಿ, ವೈರು ಎಲ್ಲ ಸೇರಿ 37,500. ಓವರ್‌ಟೈಮ್, ಸಾಗಾಟ 3,800. ಮೂರು ತಿಂಗಳು ನಮ್ಮ ದುಡ್ಡು ಅಲ್ಲಿ ಸಿಕ್ಕಿಕೊಳ್ಳುತ್ತಲ್ಲ, ಅದರ ಬಡ್ಡಿ 700. ಒಟ್ಟು 42,000. ತಿಂಗಳ ಮಾಮೂಲಿ ಸಂಬಳ ಇದರಲ್ಲಿ ಸೇರಿಸಲಿಲ್ಲ. ಈ ಆರ್ಡರ್ ಬಂದರೂ ಬರದಿದ್ದರೂ ಅದನ್ನ ಕೊಡಲೇಬೇಕು. ಹಾಗಾಗಿ ಅವನು ಸರಿಯಾಗಿ ದುಡ್ಡು ಕೊಟ್ಟರೆ ನಮಗೆ ಉಳಿಯೋದು 8,000.

ಕೊಡದಿದ್ದರೆ? ಸಾಹುಕಾರರು "ಐವತ್ತು ಸಾವಿರ ಹೋಯ್ತು" ಅಂದ್ರು. ಅದು ತಪ್ಪು ಲೆಕ್ಕ. ಅದರಲ್ಲಿ 8,000 ನಮ್ಮ ಕೈಗೆ ಇನ್ನೂ ಬಂದೇ ಇಲ್ಲ. ನಿಜವಾಗಿ ಕೈಬಿಟ್ಟು ಹೋಗೋದು 42,000. ಅದರಲ್ಲಿ ಎಷ್ಟು ವಸೂಲಾಗುತ್ತೋ ಅಷ್ಟನ್ನ ಕಳೀಬೇಕು.

ವಸೂಲಿ ಎಷ್ಟಾಗುತ್ತೆ ಅನ್ನೋದಕ್ಕೆ ಊಹೆ ಬೇಡ, ಪುಸ್ತಕ ಇತ್ತು. ಹಿಂದೆ ನಾಲ್ಕು ಜನ ಹೊಸ ಗಿರಾಕಿಗಳು ಕೈಕೊಟ್ಟಿದ್ದರು. ನಾಲ್ಕೂ ಬಿಲ್ ಸೇರಿ 1,20,000. ಅಲೆದಾಡಿ, ವಕೀಲರ ಖರ್ಚು ಕಳೆದು, ಕೊನೆಗೆ ಕೈಗೆ ಬಂದದ್ದು 24,000. ಅಂದರೆ ನೂರಕ್ಕೆ ಇಪ್ಪತ್ತು. "ಮಾಲು ವಾಪಸ್ ತರಬಹುದಲ್ಲ" ಅಂತ ಕೇಳಬಹುದು. ಡಿಬಿ ಅಂದರೆ ಅಕ್ಕಿ ಮೂಟೆ ಅಲ್ಲ. ಅವನ ಲೋಡ್ ಶೆಡ್ಯೂಲಿಗೆ ಅಳೆದು ಕಟ್ಟಿದ್ದು, ಇನ್ನೊಬ್ಬನ ಕಟ್ಟಡಕ್ಕೆ ಹಾಗೇ ಹೊಂದೋದಿಲ್ಲ. ಗೋಡೆಗೆ ಕೂರಿಸಿ ವೈರ್ ಎಳೆದ ಮೇಲೆ ಬಿಚ್ಚಿ ತಂದರೂ ಅದರ ಬ್ರೇಕರನ್ನ ಹೊಸದು ಅಂತ ಮಾರೋ ಹಾಗಿಲ್ಲ.

ಚೆಕ್ ಇದೆಯಲ್ಲ ಅನ್ನೋದು ಎರಡನೇ ಧೈರ್ಯ. ಮೊದಲೆಲ್ಲ ಚೆಕ್ ಬೌನ್ಸ್ ಆದರೆ ಜೈಲು ಅನ್ನೋ ಹೆದರಿಕೆ ಇತ್ತು. 2022ರ ಜನವರಿಯಿಂದ ಯುಎಇಯಲ್ಲಿ ಕಾನೂನು ಬದಲಾಗಿದೆ. ಖಾತೆಯಲ್ಲಿ ದುಡ್ಡಿಲ್ಲ ಅನ್ನೋ ಒಂದೇ ಕಾರಣಕ್ಕೆ ಬೌನ್ಸ್ ಆದರೆ ಸಾಮಾನ್ಯವಾಗಿ ಅದು ಅಪರಾಧ ಅಲ್ಲ. ಮೋಸದ ಉದ್ದೇಶ ಇದ್ದರೆ ಮಾತು ಬೇರೆ. ಅದರ ಬದಲು, ಖಾತೆಯಲ್ಲಿ ಇದ್ದಷ್ಟನ್ನ ಬ್ಯಾಂಕ್ ಕೊಡಬೇಕು. ಉಳಿದದ್ದಕ್ಕೆ ಆ ಚೆಕ್ಕನ್ನೇ ಹಿಡಿದು ನೇರವಾಗಿ ಜಾರಿ ಕೋರ್ಟಿಗೆ ಹೋಗಬಹುದು. ದಾರಿ ಹತ್ತಿರ ಆಯ್ತು, ನಿಜ. ಆದರೆ ಖಾತೆ ಖಾಲಿ, ಆಫೀಸು ಖಾಲಿ ಅಂದರೆ ಕೋರ್ಟ್ ಎಲ್ಲಿಂದ ಕೊಡಿಸೀತು? ಅದಕ್ಕೇ ನೂರಕ್ಕೆ ಇಪ್ಪತ್ತನ್ನೇ ಇಟ್ಟುಕೊಂಡೆವು. 50,000ದಲ್ಲಿ 10,000 ವಸೂಲಿ. ನಷ್ಟ 42,000ದಲ್ಲಿ 10,000 ಕಳೆದರೆ 32,000.

ಈಗ ನೋಡಿ. ಕೊಟ್ಟರೆ ಲಾಭ 8,000, ಕೊಡದಿದ್ದರೆ ನಷ್ಟ 32,000. ಒಬ್ಬ ಮುಳುಗಿಸಿದರೆ ಅದನ್ನ ತುಂಬೋಕೆ ಸರಿಯಾಗಿ ಕೊಡೋರು ನಾಲ್ಕು ಜನ ಬೇಕು. ಅಂದರೆ ಐದರಲ್ಲಿ ಒಬ್ಬ, ನೂರಕ್ಕೆ ಇಪ್ಪತ್ತು. ಇದೇ ಗಡಿ. ಇಂಥ ಗಿರಾಕಿಗಳಲ್ಲಿ ಮುಳುಗಿಸೋರು ಅದಕ್ಕಿಂತ ಕಡಿಮೆ ಇದ್ದರೆ ಕೊಡಬಹುದು, ಜಾಸ್ತಿ ಇದ್ದರೆ ಕೊಡಬಾರದು.

ಹಾಗಾದರೆ ಈ ಹುಡುಗ ಮುಳುಗಿಸೋ ಸಾಧ್ಯತೆ ಎಷ್ಟು? ಪುಸ್ತಕದಲ್ಲಿ ಉದ್ರಿ ಪಡೆದ ಹೊಸ ಗಿರಾಕಿಗಳು ಒಟ್ಟು ಮೂವತ್ತು ಜನ, ಕೈಕೊಟ್ಟೋರು ನಾಲ್ಕು. ಇಪ್ಪತ್ತಾರು ಜನರಿಂದ 8,000ದಂತೆ 2,08,000 ಲಾಭ, ನಾಲ್ಕು ಜನರಿಂದ 32,000ದಂತೆ 1,28,000 ನಷ್ಟ. ಉಳಿಯೋದು 80,000. ಮೂವತ್ತರಿಂದ ಭಾಗಿಸಿದರೆ ಒಂದು ಆರ್ಡರಿಗೆ ಸುಮಾರು 2,670 ಲಾಭ. ಸಾಹುಕಾರರ ಮುಖ ಅರಳಿತು. "ಕೊಡುವ ಹಾಗಾದ್ರೆ" ಅಂದ್ರು.

"ಸ್ವಲ್ಪ ತಾಳ್ರಿ ಅಣ್ಣಾ" ಅಂದೆ. ಆ ಮೂವತ್ತರಲ್ಲಿ ಹತ್ತು ವರ್ಷದ ಹಳೇ ಕಂಪನಿಗಳೂ ಇದ್ದವು. ಈ ಹುಡುಗನ ಟ್ರೇಡ್ ಲೈಸೆನ್ಸ್ ತೆಗೆದು ಏಳೇ ತಿಂಗಳಾಗಿತ್ತು. ಬೇರೆ ಯಾವ ಅಂಗಡಿಯಲ್ಲೂ ಅವನಿಗೆ ಉದ್ರಿ ಖಾತೆ ಇರಲಿಲ್ಲ. ಹೀಗೆ ವರ್ಷ ತುಂಬದ ಲೈಸೆನ್ಸಿನವರನ್ನ ಮಾತ್ರ ಪುಸ್ತಕದಲ್ಲಿ ಹೆಕ್ಕಿದೆವು. ಹತ್ತು ಜನ ಸಿಕ್ಕರು. ಕೈಕೊಟ್ಟ ನಾಲ್ವರಲ್ಲಿ ಮೂವರು ಇವರೊಳಗೇ ಇದ್ದರು.

ಹತ್ತರಲ್ಲಿ ಏಳು ಜನ ಕೊಟ್ಟರೆ 56,000 ಲಾಭ. ಮೂವರು ಮುಳುಗಿಸಿದರೆ 96,000 ನಷ್ಟ. ಕೊನೆಗೆ 40,000 ಕೈಯಿಂದ ಹೋಗುತ್ತೆ. ಒಂದು ಆರ್ಡರಿಗೆ ಸರಾಸರಿ 4,000 ನಷ್ಟ. ಆರ್ಡರ್ ಬೇಡ ಅಂದರೆ ಸೊನ್ನೆ. ಸೊನ್ನೆಯೇ ವಾಸಿ.

ಒಂದೇ ಪುಸ್ತಕ ಎರಡು ಉತ್ತರ ಕೊಟ್ಟಿತು. ಲೆಕ್ಕ ತಪ್ಪೋದು ಕೂಡಿಸೋದ್ರಲ್ಲಿ, ಕಳೆಯೋದ್ರಲ್ಲಿ ಅಲ್ಲ. ಗಿರಾಕಿಯನ್ನ ಯಾರ ಸಾಲಿನಲ್ಲಿ ನಿಲ್ಲಿಸ್ತೀವಿ ಅನ್ನೋದ್ರಲ್ಲಿ. "ನಮ್ಮವನು" ಅನ್ನೋ ಸಾಲಿನಲ್ಲಿ ನಿಲ್ಲಿಸಿದರೆ ಎಲ್ಲರೂ ಒಳ್ಳೆಯವರಾಗೇ ಕಾಣ್ತಾರೆ. ನಮ್ಮ ಸಂಬಳ ನಿಲ್ಲಿಸಿ ಹೋದವನೂ ಚಂದ ಕನ್ನಡ ಮಾತಾಡ್ತಿದ್ದ.

ಆದರೆ ಇದರಲ್ಲೂ ಒಂದು ಮಿತಿ ಇದೆ, ಅದನ್ನ ಮುಚ್ಚಿಡಬಾರದು. ಹತ್ತೇ ಜನರ ಲೆಕ್ಕ ಅದು. ಮೂವರ ಬದಲು ಇಬ್ಬರು ಕೈಕೊಟ್ಟಿದ್ದರೆ ನೂರಕ್ಕೆ ಇಪ್ಪತ್ತು, ಸರಿಯಾಗಿ ಗಡಿಯ ಮೇಲೆ ನಿಲ್ತಿತ್ತು. ಒಬ್ಬನಿಂದ ಉತ್ತರ ಬದಲಾಗೋ ಹಾಗಿದ್ದರೆ ಆ ಅಂಕಿಯನ್ನ ಪೂರ್ತಿ ನಂಬೋ ಹಾಗಿಲ್ಲ. ಅವನ ಮನಸ್ಸು ನಮ್ಮ ಕೈಯಲ್ಲಿಲ್ಲ. ಷರತ್ತು ನಮ್ಮ ಕೈಯಲ್ಲಿದೆ.

ಅದಕ್ಕೆ ಅಡ್ವಾನ್ಸ್ ಕೇಳೋಣ ಅಂದೆ. ನೂರಕ್ಕೆ ನಲವತ್ತು, ಅಂದರೆ 20,000 ಮೊದಲೇ. ಉಳಿದ 30,000ಕ್ಕೆ ಚೆಕ್. ಈಗ ಅವನು ಮುಳುಗಿಸಿದರೂ 20,000 ನಮ್ಮ ಹತ್ತಿರ ಇರುತ್ತೆ. ಬಾಕಿಯಲ್ಲಿ ನೂರಕ್ಕೆ ಇಪ್ಪತ್ತರಂತೆ 6,000 ವಸೂಲಿ. ನಷ್ಟ 42,000ದಲ್ಲಿ 26,000 ಕಳೆದರೆ 16,000. ಮೊದಲಿದ್ದದ್ದರ ಅರ್ಧ. ಗಡಿಯೂ ಸರಿಯಿತು: ಒಬ್ಬನ ನಷ್ಟ ತುಂಬೋಕೆ ಇಬ್ಬರು ಸಾಕು, ಅಂದರೆ ಮೂರರಲ್ಲಿ ಒಬ್ಬ ಮುಳುಗಿಸಿದರೂ ಸಮ. ಅದೇ ಹತ್ತು ಜನರನ್ನ ತಗೊಳ್ಳಿ. ಏಳು ಜನರಿಂದ 56,000 ಲಾಭ, ಮೂವರಿಂದ 48,000 ನಷ್ಟ. ಒಂದು ಆರ್ಡರಿಗೆ ಸರಾಸರಿ 800 ಲಾಭ. ನೂರಕ್ಕೆ ಮೂವತ್ತೇ ಅಡ್ವಾನ್ಸ್ ತಗೊಂಡಿದ್ದರೆ 400 ನಷ್ಟವೇ ಬರ್ತಿತ್ತು, ಅದನ್ನೂ ಹಾಕಿ ನೋಡಿದೆವು.

ಅಡ್ವಾನ್ಸಿನಿಂದ ಇನ್ನೊಂದು ಉಪಯೋಗ ಉಂಟು. ಮಾಲು ಹೊತ್ತುಕೊಂಡು ಮಾಯ ಆಗಬೇಕು ಅಂತಲೇ ಬಂದವನು 20,000 ಕೈಯಿಂದ ಇಡೋದಿಲ್ಲ. ಆ ಮಾತು ಕೇಳಿದ ಕೂಡಲೇ ಬೇರೆ ಅಂಗಡಿ ಹುಡುಕ್ತಾನೆ. ಅವನು ಒಪ್ಪಿದ ಅನ್ನೋದೇ ಒಂದು ಸುದ್ದಿ.

ಆಮೇಲೆ ಸಾಹುಕಾರರು ಕೇಳಿದ ಪ್ರಶ್ನೆ ನನಗಿಂತ ಚೆನ್ನಾಗಿತ್ತು. "ಸರಾಸರಿ ಎಂಟು ನೂರು ಸಿಗ್ತದೆ, ಸರಿ. ಇವನೇ ಆ ಮೂವರಲ್ಲಿ ಒಬ್ಬನಾದರೆ?" ಸರಾಸರಿ ಅನ್ನೋದು ಹತ್ತು ಆರ್ಡರ್ ಮಾಡೋವರೆಗೂ ಅಂಗಡಿ ತೆರೆದಿದ್ದರೆ ಮಾತ್ರ ಸಿಗೋ ಮಾತು. ನಮ್ಮ ಎಂಟು ಜನರ ಒಂದು ತಿಂಗಳ ಸಂಬಳ ಸುಮಾರು 16,000. ಅಡ್ವಾನ್ಸ್ ಇಲ್ಲದೆ ಮುಳುಗಿದರೆ ಎರಡು ತಿಂಗಳ ಸಂಬಳ ಹೋಗುತ್ತೆ, ಅಡ್ವಾನ್ಸ್ ಇದ್ದರೆ ಒಂದು ತಿಂಗಳದ್ದು. ಆಗ ಬ್ಯಾಂಕಿನಲ್ಲಿ ಒಂದೂವರೆ ತಿಂಗಳ ಸಂಬಳದಷ್ಟು ದುಡ್ಡಿತ್ತು. ಆದ್ದರಿಂದ ಒಪ್ಪಿದೆವು. ಅಷ್ಟೂ ಇಲ್ಲದಿದ್ದರೆ, ಲೆಕ್ಕ 800 ಲಾಭ ಅಂತ ತೋರಿಸಿದರೂ ನಾನು ಬೇಡ ಅಂತಿದ್ದೆ.

ಹುಡುಗನಿಗೆ ಮೊದಲು ಬೇಸರ ಆಯ್ತು. "ಅಣ್ಣಾ, ನಮ್ಮೂರವರಾಗಿ ನೀವೂ ಹೀಗಂದ್ರೆ ಹ್ಯಾಗೆ?" ಅಂದ. ನಾನು ಅವನಿಗೆ ಮಗಳ ಫೀಸಿನ ಕಥೆ ಹೇಳಿದೆ. ಎರಡು ದಿನ ಬಿಟ್ಟು 20,000 ತಂದು ಕೊಟ್ಟ. ಬಾಕಿ ದುಡ್ಡು ಚೆಕ್ಕಿನ ತಾರೀಖಿಗಿಂತ ಮೂರು ವಾರ ತಡವಾಗಿ ಬಂತು. ಪೂರ್ತಿ ಬಂತು.

ಇದರಿಂದ ನಮ್ಮ ಲೆಕ್ಕ ಸರಿ ಅಂತ ಸಾಬೀತಾಯ್ತು ಅನ್ನಬೇಡಿ. ಹತ್ತರಲ್ಲಿ ಏಳು ಜನ ಹೇಗೂ ಕೊಡ್ತಾರೆ, ಇವನು ಆ ಏಳರಲ್ಲಿ ಒಬ್ಬ. ಕೊಡದೆ ಹೋಗಿದ್ದರೂ ಲೆಕ್ಕ ತಪ್ಪು ಅಂತ ಆಗ್ತಿರಲಿಲ್ಲ. ಆದರೆ ಆ ಮೂರು ವಾರ ನಾನು ರಾತ್ರಿ ನಿದ್ದೆ ಮಾಡಿದೆ. ಹೋದರೆ ಎಷ್ಟು ಹೋಗುತ್ತೆ, ಅದನ್ನ ಯಾವ ದುಡ್ಡಿನಿಂದ ತುಂಬ್ತೀವಿ ಅಂತ ನಮಗೆ ಮೊದಲೇ ಗೊತ್ತಿತ್ತು.

ಈಗ ಪುಸ್ತಕದಲ್ಲಿ ವರ್ಷ ತುಂಬದ ಲೈಸೆನ್ಸಿನವರು ಹನ್ನೊಂದು, ಕೈಕೊಟ್ಟೋರು ಮೂರು. ಮುಂದಿನವನು ಬಂದಾಗ ಅಲ್ಲಿಂದ ಶುರು ಮಾಡ್ತೀವಿ.

 ಊಟ ತಣ್ಣಗಾಗ್ತಿದೆ, ಏಳೋಣ.