ಮಾರಿಕುಪ್ಪಂ ರೈಲಿನಲ್ಲಿ ಬಿಗಿಹಿಡಿದ ಉಸಿರು

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕಿಟಕಿ ಪಕ್ಕ ಕೂತಿದ್ದೆವು, ನಾನು ಮತ್ತು ನನ್ನ ತಂಗಿಯ ಮಗಳು. ಅವಳು ನಾಲ್ಕನೇ ಕ್ಲಾಸು. ಕೋರಮಂಡಲ ನಿಲ್ದಾಣದಲ್ಲಿ ರೈಲು ನಿಂತಾಗ ಅವಳಿಗೊಂದು ಪಂದ್ಯ ಹೊಳೆಯಿತು. "ದೊಡ್ಡಮ್ಮಾ, ರೈಲು ಹೊರಡೋವರೆಗೂ ನಾನು ಉಸಿರೇ ಆಡಲ್ಲ, ನೋಡ್ತಿರಿ!" ಕೆನ್ನೆ ಉಬ್ಬಿಸಿ ಮೂಗು ಹಿಡಿದು ಕೂತಳು. ನಾನು ಗಡಿಯಾರ ನೋಡಿದೆ. ಮೂವತ್ತೆಂಟನೇ ಸೆಕೆಂಡಿಗೆ 'ಹಾ' ಎಂದು ಬಾಯಿ ಬಿಟ್ಟಳು. ರೈಲು ಇನ್ನೂ ಅಲ್ಲೇ ನಿಂತಿತ್ತು.

"ಗಾಳಿ ಖಾಲಿಯಾಗಿಹೋಯ್ತು" ಅಂದಳು. ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಅವಳ ಮೈಯಲ್ಲಿ ಆಮ್ಲಜನಕ ಖಾಲಿಯಾಗಿರಲಿಲ್ಲ. ಆಸ್ಪತ್ರೆಯಲ್ಲಿ ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಕ್ಲಿಪ್ಪಿನಂಥ ಯಂತ್ರ ನೀನೂ ನೋಡಿರಬೇಕು. ಆಗ ಅದನ್ನು ಅವಳ ಬೆರಳಿಗೆ ಸಿಕ್ಕಿಸಿದ್ದರೆ, ಮೊದಲು ತೋರಿಸುತ್ತಿದ್ದ 97, 98ರ ಆಸುಪಾಸಿನಲ್ಲೇ ಇರುತ್ತಿತ್ತು. ಹಾಗಾದರೆ ಅವಳ ಬಾಯಿ ತೆರೆಸಿದವರು ಯಾರು?

ಮೊದಲು, ಯಾರೂ ಹೇಳದೆಯೇ ನಡೆಯುವ ಉಸಿರಿನ ಕಡೆ ನೋಡೋಣ. ನಿನ್ನ ತಲೆಯ ಹಿಂಭಾಗದಲ್ಲಿ, ಕತ್ತು ತಲೆಬುರುಡೆಗೆ ಸೇರುವ ಗುಳಿಯ ಮೇಲೆ ಬೆರಳಿಡು. ಅದರ ಒಳಗಡೆ, ಹೂಕೋಸಿನ ಹೂವಿಗೆ ದಂಟು ಇರುವ ಹಾಗೆ, ಮೆದುಳಿಗೂ ಒಂದು ದಂಟು ಇದೆ. ಅದಕ್ಕೆ ಮೆದುಳಕಾಂಡ ಅನ್ನುತ್ತಾರೆ. ಉಸಿರಿನ ತಾಳ ಹುಟ್ಟುವುದು ಆ ದಂಟಿನಲ್ಲಿ. ಅಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಗುಂಪು ಜೀವಕೋಶಗಳಿವೆ. ಗುಂಪಿನ ಹೆಸರು ಪ್ರೀ-ಬೋಟ್ಸಿಂಗರ್. ಬೋಟ್ಸಿಂಗನ್ ಅನ್ನುವುದು ಜರ್ಮನಿಯ ಒಂದು ಊರು. ವಿಜ್ಞಾನಿಗಳು ಊಟಕ್ಕೆ ಕೂತಾಗ ಮೇಜಿನ ಮೇಲಿದ್ದ ದ್ರಾಕ್ಷಾರಸದ ಬಾಟಲಿಯ ಮೇಲೆ ಆ ಊರಿನ ಹೆಸರಿತ್ತು. ಮೆದುಳಿನ ಆ ಭಾಗಕ್ಕೆ ಅದನ್ನೇ ಇಟ್ಟರು, ಅದರ ಪಕ್ಕದ ಈ ಗುಂಪಿಗೆ ಮುಂದೆ 'ಪ್ರೀ' ಸೇರಿಸಿದರು. ಹೆಸರಿಡುವುದರಲ್ಲಿ ದೊಡ್ಡವರೂ ಮಕ್ಕಳಂತೆಯೇ.

ಆ ಕೋಶಗಳು ಮಾಡುವುದೇನು? ಟೀಚರ್ ಇಲ್ಲದ ಕ್ಲಾಸನ್ನು ನೆನೆಸಿಕೋ. ಯಾರೋ ಒಬ್ಬ ಮೆಲ್ಲಗೆ ಬೆಂಚು ಕುಟ್ಟುತ್ತಾನೆ. ಪಕ್ಕದವನಿಗೂ ಕೈ ಕಡಿಯುತ್ತದೆ, ಅವನೂ ಕುಟ್ಟುತ್ತಾನೆ. ಇಬ್ಬರ ಸದ್ದಿಗೆ ನಾಲ್ವರು, ನಾಲ್ವರ ಸದ್ದಿಗೆ ಇಡೀ ಕ್ಲಾಸು. ಒಂದು ಕ್ಷಣ ಧಡಧಡ ಗಲಾಟೆ, ಆಮೇಲೆ ಎಲ್ಲರಿಗೂ ಕೈ ಸೋತು ಸುಮ್ಮನಾಗುತ್ತಾರೆ. ಸ್ವಲ್ಪ ಹೊತ್ತಿಗೆ ಮತ್ತೆ ಯಾರೋ ಒಬ್ಬ ಶುರುಮಾಡುತ್ತಾನೆ. ಇಲ್ಲಿ ಮಾನಿಟರ್ ಅಂತ ಯಾರೂ ಇಲ್ಲ, ಆದರೂ ತಾಳ ಹುಟ್ಟಿತಲ್ಲ! ಪ್ರತಿ ಗಲಾಟೆಯೂ ನರಗಳ ಮೂಲಕ ಇಳಿದು ಹೋಗಿ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯುವನ್ನು ಕೆಳಕ್ಕೆ ಎಳೆಯುತ್ತದೆ. ಗಾಳಿ ಒಳಗೆ ಬರುತ್ತದೆ. ಗಲಾಟೆ ನಿಂತಾಗ ವಪೆ ಸಡಿಲವಾಗಿ ಗಾಳಿ ಹೊರಗೆ ಹೋಗುತ್ತದೆ.

ಇದನ್ನು ಕಣ್ಣಾರೆ ಕಂಡದ್ದು 1991ರಲ್ಲಿ. ಎಳೆ ಇಲಿಯ ಮೆದುಳಕಾಂಡದಿಂದ ಒಂದು ಮಿಲಿಮೀಟರಿಗಿಂತ ತೆಳುವಾದ ಬಿಲ್ಲೆಯೊಂದನ್ನು ಕತ್ತರಿಸಿ, ಉಪ್ಪುನೀರಿನಂಥ ದ್ರವದಲ್ಲಿ ಇಟ್ಟಿದ್ದರು. ಎದೆ ಇಲ್ಲ, ಮೂಗು ಇಲ್ಲ, ಇಲಿಯೇ ಇಲ್ಲ. ಆ ಬಿಲ್ಲೆ ಮಾತ್ರ ತನ್ನ ಪಾಡಿಗೆ ತಾಳ ಹಾಕುತ್ತಲೇ ಇತ್ತು.

ತಾಳ ಹಾಕುವವರು ಸಿಕ್ಕರು. ಈಗ, ಜೋರಾಗಿ ಹಾಕು, ಮೆಲ್ಲಗೆ ಹಾಕು ಎಂದು ಅವರಿಗೆ ಹೇಳುವವರು ಬೇಕಲ್ಲ.

ಗೋಲಿ ಸೋಡಾ ಕುಡಿದಾಗ ನಾಲಗೆ ಚುರುಗುಟ್ಟುತ್ತದೆ. ಸೋಡಾದಲ್ಲಿರುವುದು ಇಂಗಾಲದ ಡೈಆಕ್ಸೈಡ್. ಅದು ನೀರಿಗೆ ಸೇರಿದರೆ ನೀರು ಸ್ವಲ್ಪ ಹುಳಿಯಾಗುತ್ತದೆ. ನಾವು ಉಂಡ ಅನ್ನ ಮೈಯೊಳಗೆ ಉರಿದಾಗಲೂ ಅದೇ ಅನಿಲ ಹುಟ್ಟುತ್ತದೆ, ರಕ್ತಕ್ಕೆ ಸೇರುತ್ತದೆ, ಉಸಿರಲ್ಲಿ ಹೊರಗೆ ಹೋಗುತ್ತದೆ. ಉಸಿರು ಬಿಗಿಹಿಡಿದರೆ ಹೋಗಲು ದಾರಿಯಿಲ್ಲ, ರಕ್ತದಲ್ಲೇ ಸೇರುತ್ತಾ ಹೋಗುತ್ತದೆ. ಮೆದುಳಿನ ಸುತ್ತ ಜರಡಿಯಂಥ ಒಂದು ಬೇಲಿ ಇದೆ. ರಕ್ತದ ಹುಳಿ ಅದನ್ನು ಸುಲಭವಾಗಿ ದಾಟಲಾರದು, ಈ ಅನಿಲ ಮಾತ್ರ ಸಲೀಸಾಗಿ ನುಸುಳುತ್ತದೆ. ಆಚೆ ಇರುವ ನೀರಿನಲ್ಲಿ ಕರಗಿ ಅದನ್ನು ಹುಳಿ ಮಾಡುತ್ತದೆ. ಮೆದುಳಕಾಂಡದ ಮುಂಭಾಗದಲ್ಲಿ ಆ ಹುಳಿಯ ರುಚಿ ನೋಡುತ್ತಲೇ ಕೂತಿರುವ ಕೋಶಗಳಿವೆ. ಸಾರಿಗೆ ಹುಣಸೆಹಣ್ಣು ಒಂದು ಚೂರು ಹೆಚ್ಚಾದರೂ ನಿನ್ನ ಅಜ್ಜಿಗೆ ಗೊತ್ತಾಗುತ್ತದಲ್ಲ, ಹಾಗೆ. ಇವುಗಳನ್ನು ಕೇಂದ್ರದ ರಾಸಾಯನಿಕ ಗ್ರಾಹಕಗಳು ಅನ್ನುತ್ತಾರೆ. ನಾನು ಅಜ್ಜಿಯರು ಅಂದುಬಿಡುತ್ತೇನೆ. ರೈಲಿನಲ್ಲಿ ನನ್ನ ತಂಗಿಯ ಮಗಳ ಬಾಯಿ ತೆರೆಸಿದ್ದರಲ್ಲಿ ದೊಡ್ಡ ಪಾಲು ಇವರದು.

ಅಜ್ಜಿಯರ ನಾಲಗೆ ಎಷ್ಟು ಸೂಕ್ಷ್ಮ ಗೊತ್ತೇ? ಇಂಗ್ಲೆಂಡಿನಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ ತಮ್ಮ ಜೊತೆಗಾರ ಪ್ರೀಸ್ಟ್ಲಿಯವರೊಡನೆ 1905ರಲ್ಲಿ ಇದನ್ನು ಅಳೆದು ತೋರಿಸಿದರು. ನಮ್ಮ ಶ್ವಾಸಕೋಶದ ಆಳದಿಂದ ಸಾವಿರ ಲೋಟ ಗಾಳಿ ತೆಗೆದರೆ ಅದರಲ್ಲಿ ಸುಮಾರು 56 ಲೋಟ ಇಂಗಾಲದ ಡೈಆಕ್ಸೈಡ್. ಅದು 58 ಆದರೆ ಸಾಕು, ಉಸಿರಾಟ ಹೆಚ್ಚೂಕಮ್ಮಿ ಎರಡರಷ್ಟಾಗುತ್ತದೆ!

ಆಮ್ಲಜನಕವನ್ನು ಕಾಯುವವರು ಬೇರೆ. ದವಡೆಯ ಕೆಳಗೆ ಕತ್ತಿನ ಒಂದು ಬದಿಗೆ ಬೆರಳನ್ನು ಮೆತ್ತಗೆ ಇಡು. ಒತ್ತಬೇಡ, ಒಂದು ಕಡೆ ಮಾತ್ರ. ಡಬ್ ಡಬ್ ಅನ್ನುತ್ತದಲ್ಲ, ಅದು ಮೆದುಳಿಗೆ ರಕ್ತ ಒಯ್ಯುವ ನಾಳ. ಅದು ಕವಲಾಗುವ ಕಡೆ ಅಕ್ಕಿಕಾಳಿನಷ್ಟು ದೊಡ್ಡ ಗಂಟು ಇದೆ, ಎರಡೂ ಬದಿಯಲ್ಲಿ ಒಂದೊಂದು. ಮೆದುಳಿಗೆ ಹೋಗುವ ರಕ್ತವನ್ನು ದಾರಿಯಲ್ಲೇ ತಡೆದು ಪರೀಕ್ಷಿಸುವ ಚೆಕ್‌ಪೋಸ್ಟ್ ಅದು. ಇವು ಹೊರವಲಯದ ಗ್ರಾಹಕಗಳು. ಎದೆಯ ದೊಡ್ಡ ರಕ್ತನಾಳದ ಬಳಿಯೂ ಇಂಥವು ಕೆಲವಿವೆ. ಈ ಅಕ್ಕಿಕಾಳಿನ ಕೆಲಸ ತೋರಿಸಿಕೊಟ್ಟ ಬೆಲ್ಜಿಯಂನ ಕಾರ್ನೆಲ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಬಹುಮಾನ ಬಂತು.

ಇವುಗಳ ಓಟ ಚುರುಕು. ಅಜ್ಜಿಯರಿಗೆ ಹುಳಿ ತಿಳಿಯಲು ಹತ್ತಾರು ಸೆಕೆಂಡು ಬೇಕಾದರೆ, ಅಕ್ಕಿಕಾಳು ಕೆಲವೇ ಸೆಕೆಂಡಿನಲ್ಲಿ ಸುದ್ದಿ ಮುಟ್ಟಿಸುತ್ತದೆ. ಆದರೆ ಆಮ್ಲಜನಕದ ವಿಷಯದಲ್ಲಿ ಅದಕ್ಕೊಂದು ಸ್ವಭಾವವಿದೆ. ಸ್ವಲ್ಪ ಕಮ್ಮಿಯಾದರೆ ಗೊಣಗುತ್ತದೆ, ಅಷ್ಟೇ. ಬೆರಳಿನ ಯಂತ್ರ ಸುಮಾರು 90ಕ್ಕೆ ಇಳಿಯುವಷ್ಟಾದ ಮೇಲೆಯೇ ಅದು ಕೂಗಾಡುವುದು. ಅಪಾಯ ಹುಟ್ಟುವುದು ಇಲ್ಲೇ.

ಹಾಲ್ಡೇನ್ ಗಣಿಗಳ ಗಾಳಿಯನ್ನು ಪರೀಕ್ಷಿಸಲು ಕೆಳಗೆ ಇಳಿಯುತ್ತಿದ್ದರು. ಒಮ್ಮೆ ತಮ್ಮ ಪುಟ್ಟ ಮಗನನ್ನೂ ಕಲ್ಲಿದ್ದಲು ಗಣಿಗೆ ಕರೆದೊಯ್ದರು. ಅಲ್ಲಿ ಒಂದು ಕಡೆ ಸೂರಿನ ಹತ್ತಿರ ಮೀಥೇನ್ ಅನಿಲ ತುಂಬಿತ್ತು. ಅದು ಗಾಳಿಗಿಂತ ಹಗುರ. ಮಗನನ್ನು ನೆಟ್ಟಗೆ ನಿಲ್ಲಿಸಿ, ಷೇಕ್ಸ್‌ಪಿಯರ್ ನಾಟಕದ ಭಾಷಣವೊಂದನ್ನು ಬಾಯಿಪಾಠ ಒಪ್ಪಿಸು ಅಂದರು. ಹುಡುಗ ಶುರುಮಾಡಿದ, ಸ್ವಲ್ಪ ಹೊತ್ತಿಗೆ ಏದುಸಿರು ಬಂತು, ಭಾಷಣ ಮುಗಿಯುವ ಮುಂಚೆಯೇ ಕಾಲು ಕುಸಿದು ಬಿದ್ದ. ನೆಲದ ಹತ್ತಿರ ಗಾಳಿ ಚೆನ್ನಾಗಿತ್ತು, ಚೇತರಿಸಿಕೊಂಡ. ಇಂಥ ಅಪ್ಪನ ಪಾಠ ನನಗಂತೂ ಬೇಡ! ಆ ಹುಡುಗನೇ ಮುಂದೆ ಹೆಸರಾಂತ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. 1957ರಲ್ಲಿ ನಮ್ಮ ದೇಶಕ್ಕೆ ಬಂದು ಇಲ್ಲಿಯವರೇ ಆದರು.

ಅವನು ಬಿದ್ದದ್ದು ಯಾಕೆ ಅಂತ ಬಿಡಿಸಿ ನೋಡು. ಅವನು ಉಸಿರು ಬಿಡುತ್ತಲೇ ಇದ್ದ, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತಲೇ ಇತ್ತು. ಹುಳಿ ಹೆಚ್ಚಾಗಲಿಲ್ಲ, ಅಜ್ಜಿಯರು ಸುಮ್ಮನೆ ಕೂತರು. ಒಳಗೆ ಬರುವ ಗಾಳಿಯಲ್ಲಿ ಆಮ್ಲಜನಕ ಸಾಲದೆಂದು ಕೂಗಿದ್ದು ಅಕ್ಕಿಕಾಳು ಮಾತ್ರ. ಅದರ ಕೂಗಿಗೇ ಏದುಸಿರು ಬಂದದ್ದು, ಆದರೆ ಅಷ್ಟರಲ್ಲಿ ಹೊತ್ತು ಮೀರಿತ್ತು.

ಕೆಟ್ಟ ಗಾಳಿ ಇರಬಹುದಾದ ಹಾಳುಬಾವಿಗೆ ಇಳಿಯುವ ಮುಂಚೆ ಹಿಂದಿನವರು ಉರಿಯುವ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದದ್ದು ಇದಕ್ಕೇ. ಒಳ್ಳೆಯ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ಅದು 16ರ ಹತ್ತಿರ ಬಂದರೆ ದೀಪ ಆರುತ್ತದೆ, ಮನುಷ್ಯ ಇನ್ನೂ ನಿಂತು ಮಾತಾಡುತ್ತಿರುತ್ತಾನೆ. ನಮ್ಮ ಅಕ್ಕಿಕಾಳಿಗಿಂತ ದೀಪವೇ ಬೇಗ ಹೇಳುತ್ತದೆ. ಆದರೆ ಎಲ್ಲ ವಿಷಗಾಳಿಯನ್ನೂ ದೀಪ ಹೇಳಲಾರದು. ಅದಕ್ಕೇ ಈಗ ಅಳೆಯುವ ಯಂತ್ರಗಳಿವೆ, ನೀನಂತೂ ಅಂಥ ಬಾವಿಯ ಕಡೆ ಹೋಗಲೇಬೇಡ.

ಕೆರೆಯಲ್ಲಿ ಮುಳುಗುವ ಪಂದ್ಯ ಕಟ್ಟುವವರು ಇನ್ನೊಂದು ತಪ್ಪು ಮಾಡುತ್ತಾರೆ. ಮುಳುಗುವ ಮುಂಚೆ ಬಿಡದೆ ಜೋರಾಗಿ ಉಸಿರಾಡುತ್ತಾರೆ, ಆಮ್ಲಜನಕ ತುಂಬಿಕೊಳ್ಳುತ್ತೇವೆಂದು. ಆದರೆ ರಕ್ತದ ಡಬ್ಬಿ ಆಗಲೇ ಹೆಚ್ಚುಕಡಿಮೆ ಭರ್ತಿ, 98ರ ಮೇಲೆ ಎಷ್ಟು ತುಂಬಲು ಸಾಧ್ಯ? ಖಾಲಿಯಾಗುವುದು ಇಂಗಾಲದ ಡೈಆಕ್ಸೈಡ್. ನೀರಿನೊಳಗೆ ಅದು ಮತ್ತೆ ಸೇರಿ ಅಜ್ಜಿಯರು 'ಸಾಕು, ಮೇಲೆ ಬಾ' ಅನ್ನುವ ಮುಂಚೆಯೇ ಆಮ್ಲಜನಕ ಮುಗಿದು ಎಚ್ಚರ ತಪ್ಪುತ್ತದೆ. ಉಸಿರುಕಟ್ಟಿದ ಸುಳಿವೂ ಸಿಗದೆ ಮುಳುಗಿಹೋದವರಿದ್ದಾರೆ.

ಇಷ್ಟು ಹೇಳುವಷ್ಟರಲ್ಲಿ ಊರಿಗಾಂ ದಾಟಿ ಚಾಂಪಿಯನ್ ಬಂದಿತ್ತು. ಕಿಟಕಿಯಾಚೆ ಚಿನ್ನದ ಗಣಿಗಳ ಸೈನೈಡ್ ದಿಬ್ಬಗಳು. "ಇಲ್ಲಿ ಮೂರು ಕಿಲೋಮೀಟರ್ ಆಳಕ್ಕೆ ಇಳೀತಿದ್ರಂತಲ್ಲ, ಅವರಿಗೆ ಉಸಿರು ಕಟ್ತಿರಲಿಲ್ವಾ?" ಅಂದಳು.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಬೆಟ್ಟ ಹತ್ತಿದರೆ ಗಾಳಿ ತೆಳುವಾಗುತ್ತದೆ, ಆಗ ಅಕ್ಕಿಕಾಳು ಕೂಗುತ್ತದೆ. ಗಣಿಯಲ್ಲಿ ಆಗುವುದು ತಿರುಗುಮುರುಗು. ಮಡಿಚಿಟ್ಟ ಕಂಬಳಿಗಳ ಅಟ್ಟಿಯಲ್ಲಿ ತಳದ ಕಂಬಳಿ ಒತ್ತಿಕೊಂಡಿರುವಂತೆ, ಅಷ್ಟು ಆಳದಲ್ಲಿ ಗಾಳಿ ಒತ್ತೊತ್ತಾಗಿರುತ್ತದೆ. ಒಂದು ಉಸಿರಿಗೆ ಮೇಲಿಗಿಂತ ಹೆಚ್ಚು ಆಮ್ಲಜನಕ ಸಿಗುತ್ತದೆ, ಆದರೆ ಆ ಗಾಳಿ ಓಡಾಡುತ್ತಿದ್ದರೆ ಮಾತ್ರ. ಆದ್ದರಿಂದಲೇ ದೊಡ್ಡ ಫ್ಯಾನುಗಳು ನಿಲ್ಲದೆ ತಿರುಗಬೇಕಿತ್ತು. ಅಲ್ಲಿ ಬಂಡೆಯೇ 60 ಡಿಗ್ರಿಗಿಂತ ಬಿಸಿ. ಕಾರ್ಮಿಕರನ್ನು ಹೆಚ್ಚು ಕಾಡಿದ್ದು ಆ ಸೆಕೆ ಮತ್ತು ಶ್ವಾಸಕೋಶಕ್ಕೆ ಹೋಗಿ ಕೂರುವ ಕಲ್ಲಿನ ದೂಳು. ದೂಳನ್ನು ಅಜ್ಜಿಯರೂ ಅರಿಯರು, ಅಕ್ಕಿಕಾಳೂ ಅರಿಯದು.

ಸಂಜೆ ಬಂಗಾರಪೇಟೆಗೆ ವಾಪಸ್ ಬಂದು ಪಾನಿಪೂರಿ ತಿಂದೆವು. ಇಲ್ಲಿಯ ಪಾನಿ ನೀರಿನ ಹಾಗೆ ತಿಳಿಯಾಗಿ ಕಾಣುತ್ತದೆ, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. "ನುಂಗುವಾಗ ಗಮನಿಸು" ಅಂದೆ. ನುಂಗುವಾಗ ಉಸಿರು ತಾನೇ ತಾನಾಗಿ ಒಂದು ಸೆಕೆಂಡಿನಷ್ಟು ನಿಲ್ಲುತ್ತದೆ. ಪಾನಿ ಗಾಳಿಯ ದಾರಿಗೆ ಹೋಗದಿರಲಿ ಎಂದು ಮೆದುಳಿನ ಆ ದಂಟೇ ತಾಳವನ್ನು ತಡೆದು ನಿಲ್ಲಿಸುತ್ತದೆ. ಅವಳು ಒಂದು, ಎರಡು ಎಂದು ಲೆಕ್ಕವಿಡುತ್ತಾ ತಿಂದಳು. ಆರನೆಯದಕ್ಕೆ ಪಕ್ಕದ ಹುಡುಗ ಏನೋ ಅಂದ, ಇವಳು ನಕ್ಕಳು, ಪಾನಿ ಮೂಗಿಗೆ ಹತ್ತಿ ಕೆಮ್ಮೋ ಕೆಮ್ಮು.